ಏಳು ಡಬ್ಬ ಹಾಕಿದರೆ ಐದೂವರೆ ಡಬ್ಬ ಗಾರೆ: ಇಟ್ಟಿಗೆ ಗೋಡೆಗೆ ಸಿಮೆಂಟ್, ಮರಳು ಎಷ್ಟು ಬೇಕು?

ಒಂದು ಮೂಟೆ ಸಿಮೆಂಟ್ ಅಂದರೆ ಹೆಚ್ಚುಕಡಿಮೆ 35 ಲೀಟರ್. ಅದೇ 35 ಲೀಟರ್ ಹಿಡಿಯುವ ಡಬ್ಬದಲ್ಲಿ ಆರು ಡಬ್ಬ ಒಣ ಮರಳು ಅಳೆದು ಹಾಕಿ. ನೀರು ಬಿಟ್ಟು ಚೆನ್ನಾಗಿ ಕಲಸಿ. ಈಗ ಕಲಸಿದ ಗಾರೆಯನ್ನು ಅದೇ ಡಬ್ಬದಲ್ಲಿ ವಾಪಸ್ ಅಳೆಯಿರಿ. ಹಾಕಿದ್ದು ಏಳು ಡಬ್ಬ, ಮೇಲೆ ನೀರು ಬೇರೆ. ಆದರೆ ಸಿಗುವುದು ಸುಮಾರು ಐದೂವರೆ ಡಬ್ಬ ಮಾತ್ರ. ಉಳಿದ ಒಂದೂವರೆ ಡಬ್ಬ ಎಲ್ಲಿ ಹೋಯಿತು?

ಇದಕ್ಕೆ ಉತ್ತರ ಗೊತ್ತಾದರೆ 1:6 ಇರಲಿ, 1:4 ಇರಲಿ, ಒಂದು ಘನ ಮೀಟರ್ ಗಾರೆಗೆ ಎಷ್ಟು ಮೂಟೆ ಸಿಮೆಂಟ್, ಎಷ್ಟು ಮರಳು ಬೇಕು ಅಂತ ನೀವೇ ಲೆಕ್ಕ ಹಾಕಬಹುದು. ಒಂದು ತಕ್ಕಡಿ, ಒಂದು ಬಕೆಟ್, ಒಂದು ಗಾಜಿನ ಬಾಟಲಿ ಇದ್ದರೆ ಸಾಕು.

ಮರಳಿನೊಳಗಿನ ಖಾಲಿ ಜಾಗ

ಒಂದು ಸೇರು ಕಡಲೆಕಾಳು ತೆಗೆದುಕೊಳ್ಳಿ. ಅದರ ಮೇಲೆ ಒಂದು ಹಿಡಿ ರಾಗಿ ಸುರಿದು ಸ್ವಲ್ಪ ಅಲ್ಲಾಡಿಸಿ. ರಾಗಿ ಒಳಗೆ ಇಳಿದುಹೋಗುತ್ತದೆ, ಸೇರು ಉಕ್ಕುವುದಿಲ್ಲ. ಕಾಳುಗಳ ನಡುವೆ ಜಾಗ ಇತ್ತು, ರಾಗಿ ಅಲ್ಲಿ ಹೋಗಿ ಕೂತಿತು, ಅಷ್ಟೆ.

ಮರಳೂ ಹಾಗೆಯೇ. ಸುಮ್ನೆ ಸುರಿದ ಒಣ ಮರಳಿನಲ್ಲಿ ನೂರಕ್ಕೆ 35ರಿಂದ 40 ಪಾಲು ಬರೀ ಗಾಳಿ. ಸಿಮೆಂಟ್ ಮತ್ತು ನೀರು ಸೇರಿದ ಪೇಸ್ಟು ಆ ಸಂದುಗಳಿಗೆ ಇಳಿಯುತ್ತದೆ. ನೀರು ತಾಗಿದ ಮೇಲೆ ಮರಳಿನ ಕಣಗಳೂ ಜಾರಿ ಇನ್ನಷ್ಟು ಒತ್ತಾಗಿ ಕೂರುತ್ತವೆ. ಸಿಮೆಂಟ್ ಪುಡಿಯೊಳಗೂ ಗಾಳಿ ಬೇಕಾದಷ್ಟಿದೆ. 35 ಲೀಟರ್ ಜಾಗ ತುಂಬುವ 50 ಕೆಜಿ ಮೂಟೆಯಲ್ಲಿ ಗಟ್ಟಿ ಪದಾರ್ಥ ಇರುವುದು 16 ಲೀಟರಿನಷ್ಟು ಮಾತ್ರ. ಕಾಣೆಯಾದ ಒಂದೂವರೆ ಡಬ್ಬ ಈ ಗಾಳಿಯೇ.

ಹಾಗಾಗಿ ಗಾರೆಯ ಲೆಕ್ಕದಲ್ಲಿ ಡಬ್ಬಗಳನ್ನು ಕೂಡಿಸಬಾರದು. ಗಟ್ಟಿ ಪದಾರ್ಥ, ನೀರು ಮತ್ತು ಕಲಸುವಾಗ ಸೇರಿಕೊಳ್ಳುವ ಸ್ವಲ್ಪ ಗಾಳಿ, ಇವನ್ನು ಕೂಡಿಸಬೇಕು.

ಮೊದಲ ಹೆಜ್ಜೆ: ಅಳತೆ ಡಬ್ಬ

ಬಾಂಡ್ಲಿಯಲ್ಲಿ ಅಳೆದರೆ ಈ ಲೆಕ್ಕ ಯಾವುದೂ ನಿಲ್ಲುವುದಿಲ್ಲ. ಒಬ್ಬರು ಗೋಪುರ ಮಾಡಿ ತುಂಬುತ್ತಾರೆ, ಇನ್ನೊಬ್ಬರು ಅಂಚಿಗೆ ತುಂಬುತ್ತಾರೆ. ಸಂಜೆ ಸುಸ್ತಾದ ಮೇಲೆ ಬಾಂಡ್ಲಿ ಇನ್ನೂ ಹಗುರವಾಗುತ್ತದೆ. ಬದಲಿಗೆ ಮರದ ಹಲಗೆಯಲ್ಲೋ ತಗಡಿನಲ್ಲೋ ಒಳಅಳತೆ 40 × 35 × 25 ಸೆಂ.ಮೀ. ಇರುವ ಪೆಟ್ಟಿಗೆ ಮಾಡಿಸಿ. ಅದು ಸರಿಯಾಗಿ 35 ಲೀಟರ್, ಅಂದರೆ ಒಂದು ಮೂಟೆ ಸಿಮೆಂಟಿನ ಗಾತ್ರ. ಎರಡೂ ಕಡೆ ಹಿಡಿ ಇದ್ದರೆ ಇಬ್ಬರು ಎತ್ತಬಹುದು. ತುಂಬಿದ ಮೇಲೆ ಒಂದು ಕೋಲಿನಿಂದ ಅಂಚಿಗೆ ಸಮ ಎಳೆಯಬೇಕು. ಕುಟ್ಟಬಾರದು, ತುಳಿಯಬಾರದು.

ಸಿಮೆಂಟನ್ನು ಮಾತ್ರ ಡಬ್ಬದಲ್ಲಿ ಅಳೆಯಬೇಡಿ. ಸುರಿದಾಗ ಉಬ್ಬುತ್ತದೆ, ಅಲ್ಲಾಡಿಸಿದರೆ ಕುಗ್ಗುತ್ತದೆ. ಪೂರ್ತಿ ಮೂಟೆಯ ಲೆಕ್ಕದಲ್ಲೇ ಕಲಸಿ.

ಎರಡನೇ ಹೆಜ್ಜೆ: ಮರಳು ತೂಗಿ ನೋಡಿ

ಖಾಲಿ ಜಾಗ 35 ಪಾಲೋ 40 ಪಾಲೋ ಅನ್ನುವುದು ನಿಮಗೆ ಬಂದ ಮರಳಿನ ಮೇಲೆ ಹೋಗುತ್ತದೆ. ದಪ್ಪ, ಸಣ್ಣ ಕಣಗಳು ಬೆರೆತ ಮರಳಾದರೆ ದಪ್ಪ ಕಣದ ಸಂದಿನಲ್ಲಿ ಸಣ್ಣ ಕಣ ಕೂರುತ್ತದೆ, ಖಾಲಿ ಜಾಗ ಕಡಿಮೆ. ಎಲ್ಲ ಕಣವೂ ಒಂದೇ ಗಾತ್ರದ್ದಾದರೆ ಜಾಸ್ತಿ. ಎಂ-ಸ್ಯಾಂಡ್ ಆದರೂ ಇದೇ ನಿಯಮ.

ಕಂಡುಹಿಡಿಯುವುದು ಸುಲಭ. ಎರಡು ಬಾಂಡ್ಲಿ ಮರಳನ್ನು ಟಾರ್ಪಾಲಿನ ಮೇಲೆ ಹರಡಿ, ಒಂದು ದಿನ ಬಿಸಿಲಲ್ಲಿ ಪೂರ್ತಿ ಒಣಗಿಸಿ. ಒಂದು ಬಕೆಟ್ ತೆಗೆದುಕೊಂಡು ಅಂಚಿನವರೆಗೆ ನೀರು ತುಂಬಿ ತೂಗಿ, ಬಕೆಟ್ಟಿನ ತೂಕ ಕಳೆಯಿರಿ. ಎಷ್ಟು ಕೆಜಿ ನೀರೋ ಅಷ್ಟು ಲೀಟರ್ ಆ ಬಕೆಟ್ಟಿನ ಗಾತ್ರ. ಬಕೆಟ್ಟಿನ ಮೇಲೆ ಬರೆದಿರುವ ಅಂಕಿಯನ್ನು ನಂಬಬೇಡಿ, ಅದು ಅಂಚಿನವರೆಗಿನ ಲೆಕ್ಕ ಆಗಿರಬೇಕೆಂದಿಲ್ಲ. ಬಕೆಟ್ ಒರೆಸಿ, ಒಣ ಮರಳನ್ನು ಮೆಲ್ಲಗೆ ಸುರಿದು, ಕೋಲಿನಿಂದ ಸಮ ಎಳೆದು ಮತ್ತೆ ತೂಗಿ.

ಬಕೆಟ್ 10 ಲೀಟರಿನದು, ಮರಳು 15.9 ಕೆಜಿ ತೂಗಿತು ಅಂದುಕೊಳ್ಳೋಣ. ಅಂದರೆ ಲೀಟರಿಗೆ 1.59 ಕೆಜಿ. ಖಾಲಿ ಜಾಗವೇ ಇಲ್ಲದ ಗಟ್ಟಿ ಮರಳಿನ ಕಲ್ಲು ಲೀಟರಿಗೆ ಸುಮಾರು 2.65 ಕೆಜಿ ತೂಗುತ್ತದೆ. 1.59ನ್ನು 2.65ರಿಂದ ಭಾಗಿಸಿದರೆ 0.60. ಈ ಮರಳಿನಲ್ಲಿ 60 ಪಾಲು ಗಟ್ಟಿ, 40 ಪಾಲು ಖಾಲಿ.

ಕೆಲವರು ಮರಳಿನ ಬಕೆಟ್ಟಿಗೆ ಮೇಲಿಂದ ನೀರು ಸುರಿದು, ಎಷ್ಟು ಹಿಡಿಯಿತು ಅಂತ ನೋಡಿ ಖಾಲಿ ಜಾಗ ಹೇಳುತ್ತಾರೆ. ನಾನು ಅದನ್ನು ಹೇಳಿಕೊಡುವುದಿಲ್ಲ. ನೀರು ಮೇಲಿಂದ ಇಳಿಯುವಾಗ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ, ಮರಳೂ ಕುಸಿಯುತ್ತದೆ. ಉತ್ತರ ಯಾವಾಗಲೂ ಕಡಿಮೆಯೇ ಬರುತ್ತದೆ. ತೂಕ ಸುಳ್ಳು ಹೇಳುವುದಿಲ್ಲ.

ಮೂರನೇ ಹೆಜ್ಜೆ: ಒಂದು ಮೂಟೆಯಿಂದ ಎಷ್ಟು ಗಾರೆ?

ಒಂದು ಘನ ಮೀಟರಿನಿಂದ ಶುರು ಮಾಡುವುದಕ್ಕಿಂತ ಒಂದು ಮೂಟೆಯಿಂದ ಶುರು ಮಾಡಿದರೆ ಲೆಕ್ಕ ಕಣ್ಣಿಗೆ ಕಾಣುತ್ತದೆ. ಒಂಬತ್ತು ಇಂಚಿನ ಗೋಡೆಗೆ ಸಾಮಾನ್ಯವಾಗಿ ಬಳಸುವ 1:6 ತೆಗೆದುಕೊಳ್ಳೋಣ.

ಸಿಮೆಂಟ್ ಒಂದು ಮೂಟೆ, ಗಟ್ಟಿ ಪದಾರ್ಥ 16 ಲೀಟರ್. ಮರಳು ಆರು ಡಬ್ಬ, ಅಂದರೆ 210 ಲೀಟರ್. ಅದರಲ್ಲಿ ಗಟ್ಟಿ 60 ಪಾಲು, ಅಂದರೆ 126 ಲೀಟರ್. ನೀರು 42 ಲೀಟರ್. 1:6 ಗಾರೆ ಕರಣೆಯ ಮೇಲೆ ನಿಂತು, ಇಟ್ಟಿಗೆ ಒತ್ತಿದಾಗ ಹರಡಬೇಕಾದರೆ ಮೂಟೆಗೆ 40ರಿಂದ 45 ಲೀಟರ್ ನೀರು ಬೇಕಾಗುತ್ತದೆ. ಈ ಮೂರೂ ಸೇರಿ 184 ಲೀಟರ್. ಕಲಸುವಾಗ ಸಿಕ್ಕಿಕೊಳ್ಳುವ ಗಾಳಿಗೆ ನೂರಕ್ಕೆ ಮೂರು ಪಾಲು, ಸುಮಾರು 6 ಲೀಟರ್ ಸೇರಿಸಿ. ಒಟ್ಟು 190 ಲೀಟರ್ ಗಾರೆ.

190ನ್ನು 35ರಿಂದ ಭಾಗಿಸಿದರೆ ಐದೂವರೆ ಡಬ್ಬಕ್ಕೆ ಕೂದಲೆಳೆ ಕಡಿಮೆ. ಶುರುವಿನಲ್ಲಿ ಹೇಳಿದ ಐದೂವರೆ ಡಬ್ಬ ಇದೇ.

ಈಗ ಒಂದು ಘನ ಮೀಟರ್, ಅಂದರೆ 1000 ಲೀಟರ್ ಗಾರೆಗೆ ಎಷ್ಟು ಮೂಟೆ? 1000 ÷ 190 = 5.26 ಮೂಟೆ, ಅಂದರೆ 263 ಕೆಜಿ ಸಿಮೆಂಟ್. ಮರಳು 5.26 × 210 = 1105 ಲೀಟರ್, ಅಂದರೆ 1.1 ಘನ ಮೀಟರ್. ಅಷ್ಟೇ ಲೆಕ್ಕ.

ಮರಳು ಬದಲಾದರೆ ಏನಾಗುತ್ತದೆ ನೋಡಿ. ದಪ್ಪ, ಸಣ್ಣ ಚೆನ್ನಾಗಿ ಬೆರೆತು, ಖಾಲಿ ಜಾಗ 34 ಪಾಲು ಮಾತ್ರ ಇರುವ ಮರಳು ಬಂತು ಅಂದುಕೊಳ್ಳಿ. ಆರು ಡಬ್ಬದಲ್ಲಿ ಗಟ್ಟಿ ಪದಾರ್ಥ ಈಗ 139 ಲೀಟರ್. ಮೂಟೆಗೆ ಗಾರೆ 203 ಲೀಟರ್ ಬರುತ್ತದೆ. ಘನ ಮೀಟರಿಗೆ 4.9 ಮೂಟೆ ಸಾಕು, ಮರಳೂ 1.03 ಘನ ಮೀಟರ್ ಸಾಕು. ಎರಡು ಮರಳಿಗೂ ಬೆಲೆ ಒಂದೇ ಆಗಿದ್ದರೂ ಎರಡನೆಯದು ನಿಮಗೆ ಹೆಚ್ಚು ಗೋಡೆ ಕಟ್ಟಿಕೊಡುತ್ತದೆ. ಲೋಡ್ ಇಳಿಸುವ ಮುಂಚೆ ಒಂದು ಬಕೆಟ್ ತೂಗಿ ನೋಡುವುದು ಇದಕ್ಕೇ.

ನಾಲ್ಕೂವರೆ ಇಂಚಿನ ಗೋಡೆಗೆ 1:4 ಹಾಕುತ್ತಾರೆ. ಅದಕ್ಕೂ ಇದೇ ದಾರಿ. ನಾಲ್ಕು ಡಬ್ಬ ಮರಳು 140 ಲೀಟರ್, ಗಟ್ಟಿ 84. ಸಿಮೆಂಟ್ 16, ನೀರು 32, ಗಾಳಿ 4. ಒಟ್ಟು 136 ಲೀಟರ್. ಘನ ಮೀಟರಿಗೆ 7.35 ಮೂಟೆ, ಅಂದರೆ 368 ಕೆಜಿ. ಮರಳು 1.03 ಘನ ಮೀಟರ್. ಸಿಮೆಂಟ್ ಇಷ್ಟು ಏರಿದರೂ ಮರಳು ಸ್ವಲ್ಪವೇ ಇಳಿದದ್ದು ಗಮನಿಸಿ. 

1.33 ಎಲ್ಲಿಂದ ಬಂತು?

ಎಂಜಿನಿಯರ್ ಹತ್ತಿರ ಕೇಳಿದರೆ ‘ಹಸಿ ಗಾರೆಯ ಗಾತ್ರವನ್ನು 1.33ರಿಂದ ಗುಣಿಸಿ, ಬಂದದ್ದನ್ನು 1:6ಕ್ಕೆ ಏಳು ಪಾಲು ಮಾಡಿ’ ಎನ್ನುತ್ತಾರೆ. ಆ ಪ್ರಕಾರ 1.33 ÷ 7 = 0.19 ಘನ ಮೀಟರ್ ಸಿಮೆಂಟ್. ಘನ ಮೀಟರಿಗೆ 1440 ಕೆಜಿಯಂತೆ 274 ಕೆಜಿ, ಸುಮಾರು ಐದೂವರೆ ಮೂಟೆ. ಮರಳು 1.14 ಘನ ಮೀಟರ್.

ಇದು ತಪ್ಪಲ್ಲ. ನಮ್ಮ ಲೆಕ್ಕದಲ್ಲಿ 245 ಲೀಟರ್ ಒಣ ಮಾಲಿನಿಂದ 190 ಲೀಟರ್ ಗಾರೆ ಬಂತು. 245 ÷ 190 = 1.29. ಒಳ್ಳೆಯ ಮರಳಿನಲ್ಲಿ ಅದು 1.21 ಆಯಿತು. ಕೇಂದ್ರ ಲೋಕೋಪಯೋಗಿ ಇಲಾಖೆಯ ದರ ವಿಶ್ಲೇಷಣೆಯಲ್ಲಿ 1:6ರ ಒಂದು ಘನ ಮೀಟರ್ ಗಾರೆಗೆ 250 ಕೆಜಿ ಸಿಮೆಂಟ್, 1.07 ಘನ ಮೀಟರ್ ಮರಳು ಹಿಡಿದಿದ್ದಾರೆ. ಅದನ್ನು ಬಿಡಿಸಿದರೆ 1.24. ಅಂದರೆ 1.33 ಅನ್ನುವುದು ಸ್ವಲ್ಪ ಕೈಬಿಚ್ಚಿ ಹಿಡಿದ ಸಂಖ್ಯೆ. ಮರಳು ಪರೀಕ್ಷೆ ಮಾಡಲು ಆಗದಿದ್ದರೆ ಅದನ್ನೇ ಬಳಸಿ, ಕಡಿಮೆ ಬೀಳುವುದಿಲ್ಲ.

ಆದರೆ ಎರಡು ಕಡೆ ಜನ ಎಡವುತ್ತಾರೆ. ಒಂದು, 1.54ರಿಂದ ಗುಣಿಸುವುದು. ಅದು ಕಾಂಕ್ರೀಟಿಗೆ ಬಳಸುವ ಸಂಖ್ಯೆ. ಅಲ್ಲಿ ಜಲ್ಲಿಯ ಸಂದಿಗೆ ಮರಳು, ಮರಳಿನ ಸಂದಿಗೆ ಸಿಮೆಂಟ್ ಇಳಿಯುವುದರಿಂದ ಕುಗ್ಗುವುದು ಜಾಸ್ತಿ. ಗಾರೆಗೆ ಹಾಕಿದರೆ 1.33ಕ್ಕಿಂತಲೂ ನೂರಕ್ಕೆ 16 ಹೆಚ್ಚು ಮಾಲು ತರಿಸಿಬಿಡುತ್ತೀರಿ. ಇನ್ನೊಂದು, ಖಾಲಿ ಜಾಗ 40 ಪಾಲು ಅಂತ ಗೊತ್ತಾದ ಕೂಡಲೇ 1ನ್ನು 0.6ರಿಂದ ಭಾಗಿಸಿ 1.67 ಅನ್ನುವುದು. ಖಾಲಿ ಜಾಗ ಪೂರ್ತಿ ಮಾಯವಾಗುವುದಿಲ್ಲ, ಅಲ್ವಾ? ಅದರಲ್ಲಿ ನೀರೂ ಸಿಮೆಂಟೂ ಕೂತು ಜಾಗ ಹಿಡಿದುಕೊಳ್ಳುತ್ತವೆ.

ನಾಲ್ಕನೇ ಹೆಜ್ಜೆ: ಗೋಡೆಗೆ ಎಷ್ಟು ಗಾರೆ?

ನಮ್ಮ ಮನೆಯ ಕಾಂಪೌಂಡ್ ಗೋಡೆಯನ್ನೇ ತೆಗೆದುಕೊಳ್ಳುತ್ತೇನೆ. ಉದ್ದ 20 ಮೀಟರ್, ಎತ್ತರ 1.5 ಮೀಟರ್. ಒಂಬತ್ತು ಇಂಚಿನ ಗೋಡೆ ಅಂತ ಹೆಸರು. ಆದರೆ ಬಂದ ಇಟ್ಟಿಗೆ ಅಳೆದರೆ 22 × 10.5 × 7 ಸೆಂ.ಮೀ. ಇತ್ತು. ಎರಡು ಇಟ್ಟಿಗೆ, ನಡುವೆ ಒಂದು ಸೆಂ.ಮೀ. ಸಂದು ಸೇರಿ ಗೋಡೆಯ ದಪ್ಪ 22 ಸೆಂ.ಮೀ.

ಗೋಡೆಯ ಗಾತ್ರ 20 × 1.5 × 0.22 = 6.6 ಘನ ಮೀಟರ್. ಒಂದು ಸೆಂ.ಮೀ. ಸಂದು ಸೇರಿದರೆ ಗೋಡೆಯ ಮುಖದಲ್ಲಿ ಒಂದು ಇಟ್ಟಿಗೆ 23 × 8 ಸೆಂ.ಮೀ. ಜಾಗ ಹಿಡಿಯುತ್ತದೆ. 30 ಚದರ ಮೀಟರ್ ಗೋಡೆಗೆ, ಎರಡು ಪದರಕ್ಕೆ, ಸುಮಾರು 3260 ಇಟ್ಟಿಗೆ. ಅಷ್ಟೂ ಇಟ್ಟಿಗೆಯ ಗಾತ್ರ 5.27 ಘನ ಮೀಟರ್. 6.6ರಲ್ಲಿ ಅದನ್ನು ಕಳೆದರೆ ಉಳಿದ 1.33 ಘನ ಮೀಟರ್ ಸಂದುಗಳ ಗಾರೆ. ಈ 1.33ಕ್ಕೂ ಮೇಲಿನ 1.33ಕ್ಕೂ ಸಂಬಂಧವಿಲ್ಲ, ಇಲ್ಲಿ ಹಾಗೆ ಬಂತು ಅಷ್ಟೆ.

ಇಟ್ಟಿಗೆಯ ಮೇಲೆ ಅಕ್ಷರ ಒತ್ತಿದ ಗುಂಡಿ ಇರುತ್ತದಲ್ಲ, ಅದನ್ನು ಮರೆಯಬೇಡಿ. 10 × 4 × 1 ಸೆಂ.ಮೀ. ಗುಂಡಿಯಾದರೆ ಒಂದರಲ್ಲಿ 40 ಮಿಲಿಲೀಟರ್ ಮಾತ್ರ. ಆದರೆ 3260 ಇಟ್ಟಿಗೆಗೆ 130 ಲೀಟರ್ ಆಗುತ್ತದೆ. ಗುಂಡಿ ಮೇಲ್ಮುಖವಾಗಿ ಇಟ್ಟು ಕಟ್ಟುವುದರಿಂದ ಅಷ್ಟೂ ಗಾರೆ ತುಂಬಲೇಬೇಕು. 1.33 ಮತ್ತು 0.13 ಸೇರಿ 1.46. ಕೆಳಗೆ ಬೀಳುವುದು, ಬಾಂಡ್ಲಿಯಲ್ಲಿ ಉಳಿಯುವುದು, ಸೊಟ್ಟ ಇಟ್ಟಿಗೆಗೆ ದಪ್ಪ ಸಂದು ಕೊಡುವುದು, ಇದಕ್ಕೆಲ್ಲ ನೂರಕ್ಕೆ ಹತ್ತು. ಒಟ್ಟು 1.6 ಘನ ಮೀಟರ್. ಗೋಡೆಯ ಗಾತ್ರದ ಕಾಲು ಭಾಗ ಗಾರೆ ಅನ್ನುವ ಹಳೆಯ ಮೇಸ್ತ್ರಿಗಳ ಬಾಯಿಲೆಕ್ಕಕ್ಕೆ ಇದು ಚೆನ್ನಾಗಿಯೇ ಹೊಂದುತ್ತದೆ.

40 ಪಾಲು ಖಾಲಿ ಇರುವ ಮರಳಿಗೆ ಸಿಮೆಂಟ್ 1.6 × 5.26 = 8.4, ಅಂದರೆ 9 ಮೂಟೆ ತರಿಸಬೇಕು. ಒಣ ಮರಳು 1.6 × 1.105 = 1.77 ಘನ ಮೀಟರ್, ಸುಮಾರು 62 ಘನ ಅಡಿ.

ಹಸಿ ಮರಳು ಎಲ್ಲವನ್ನೂ ತಲೆಕೆಳಗೆ ಮಾಡುತ್ತದೆ

ನಾನು ಈ ಲೆಕ್ಕ ಮಾಡಿ ಒಂಬತ್ತು ಮೂಟೆ ತರಿಸಿದ್ದೆ. ಜುಲೈ ತಿಂಗಳು, ಮರಳಿನ ಗುಡ್ಡೆಗೆ ಜಡಿಮಳೆ ಬಿದ್ದಿತ್ತು. ಗೋಡೆ ಮುಗಿಯಲು ಇನ್ನೂ ಎರಡು ಸಾಲು ಇದ್ದಾಗ ಸಿಮೆಂಟ್ ಖಾಲಿ. ಯಾರೋ ಒಂದು ಮೂಟೆ ಎತ್ತಿಟ್ಟರೇ ಅಂತ ಒಂದು ಕ್ಷಣ ಕೆಟ್ಟ ಯೋಚನೆಯೂ ಬಂತು. ಮೇಸ್ತ್ರಿ ಸಮಾಧಾನವಾಗಿ ಹೇಳಿದರು: ‘ಸಾರ್, ಮೂಟೆಗೆ ನಾಲ್ಕೂವರೆ ಡಬ್ಬ ಮಾಲೇ ಬರ್ತಿರೋದು. ಮರಳು ಹಸಿ ಐತೆ, ಡಬ್ಬ ತುಂಬಿದ್ರೂ ಮರಳು ತುಂಬಿಲ್ಲ.’

ಅವರು ಹೇಳಿದ್ದು ಅಕ್ಷರಶಃ ನಿಜ. ಸ್ವಲ್ಪ ತೇವ ಇರುವ ಮರಳಿನಲ್ಲಿ ಪ್ರತಿ ಕಣದ ಸುತ್ತ ನೀರಿನ ತೆಳು ಪೊರೆ ಇರುತ್ತದೆ. ಅದು ಕಣಗಳನ್ನು ದೂರ ತಳ್ಳಿ ನಿಲ್ಲಿಸುತ್ತದೆ. ನೂರಕ್ಕೆ ಐದಾರು ಪಾಲು ನೀರಿದ್ದರೆ ಸಾಕು, ಮರಳು 20ರಿಂದ 30 ಪಾಲು ಉಬ್ಬುತ್ತದೆ. ನುಣುಪು ಮರಳು ಇನ್ನೂ ಜಾಸ್ತಿ. ವಿಚಿತ್ರ ಅಂದರೆ, ನೀರು ಸೋರುವಷ್ಟು ಪೂರ್ತಿ ನೆನೆದ ಮರಳು ಉಬ್ಬಿರುವುದಿಲ್ಲ. ಪೊರೆ ಒಡೆದು ಒಣ ಮರಳಿನ ಗಾತ್ರಕ್ಕೇ ವಾಪಸ್ ಬರುತ್ತದೆ.

ಪರೀಕ್ಷೆಯೂ ಈ ಗುಣದ ಮೇಲೆಯೇ ನಿಂತಿದೆ. ನೇರ ಗೋಡೆಯ ಗಾಜಿನ ಬಾಟಲಿಗೆ ಗುಡ್ಡೆಯ ಒಳಗಿನ ತೇವದ ಮರಳನ್ನು ಕುಟ್ಟದೆ 20 ಸೆಂ.ಮೀ. ತುಂಬಿ. ಅದನ್ನು ಹೊರಗೆ ತೆಗೆದು, ಬಾಟಲಿಗೆ ಅರ್ಧ ನೀರು ಹಾಕಿ, ಮರಳನ್ನು ವಾಪಸ್ ಸುರಿದು ಕಡ್ಡಿಯಿಂದ ಕಲಕಿ ಕೂರಲು ಬಿಡಿ. ಮಟ್ಟ 16 ಸೆಂ.ಮೀ.ಗೆ ಇಳಿದರೆ ಇಳಿದದ್ದು 4. ಅದನ್ನು 16ರಿಂದ ಭಾಗಿಸಿ, 20ರಿಂದ ಅಲ್ಲ. ಉತ್ತರ 25 ಪಾಲು ಉಬ್ಬು.

ನಮ್ಮ ಗೋಡೆಯಲ್ಲಿ ಆಗಿದ್ದು ಇಷ್ಟೇ. ಆರು ಡಬ್ಬ ಹಸಿ ಮರಳಿನಲ್ಲಿ ನಿಜವಾಗಿ ಇದ್ದದ್ದು 210 ÷ 1.25 = 168 ಲೀಟರ್ ಮರಳು. 1:6 ಅಂತ ಕಲಸಿದ್ದು 1:4.8 ಆಗಿತ್ತು. ಮೂಟೆಗೆ 190 ಲೀಟರ್ ಬದಲು 160 ಲೀಟರ್ ಗಾರೆ. ಒಂಬತ್ತು ಮೂಟೆಗೆ 1.44 ಘನ ಮೀಟರ್. ಬೇಕಿದ್ದ 1.6ಕ್ಕೆ ಹತ್ತನೇ ಒಂದು ಭಾಗ ಕಡಿಮೆ. ಹತ್ತೊಂಬತ್ತು ಸಾಲಿನ ಗೋಡೆಯಲ್ಲಿ ಅದು ಸರಿಯಾಗಿ ಎರಡು ಸಾಲು. ಯಾರೂ ಏನೂ ಎತ್ತಿಟ್ಟಿರಲಿಲ್ಲ. ಸಿಮೆಂಟ್ ಗೋಡೆಯಲ್ಲೇ ಇತ್ತು, ಬೇಡದಷ್ಟು.

ಸರಿಪಡಿಸುವುದು ಸುಲಭ. 6 × 1.25 = 7.5. ಅಂದರೆ ಆ ದಿನ ಮೂಟೆಗೆ ಏಳೂವರೆ ಡಬ್ಬ ಹಸಿ ಮರಳು ಹಾಕಬೇಕಿತ್ತು. ಜೊತೆಗೆ ನೀರನ್ನೂ ಇಳಿಸಬೇಕು. ಅಷ್ಟು ಮರಳು ಸುಮಾರು 334 ಕೆಜಿ, ಅದರಲ್ಲಿ ಐದು ಪಾಲು ನೀರು ಅಂದರೆ 17 ಲೀಟರ್ ಮರಳಿನ ಜೊತೆಯೇ ಬಂದಿರುತ್ತದೆ. ಹೊರಗಿನಿಂದ 42 ಲೀಟರ್ ಸುರಿಯಬೇಡಿ, 25 ಲೀಟರಿಗೆ ನಿಲ್ಲಿಸಿ, ಆಮೇಲೆ ಕರಣೆಯಲ್ಲಿ ನೋಡಿಕೊಂಡು ಸ್ವಲ್ಪ ಸ್ವಲ್ಪ ಸೇರಿಸಿ. ಗುಡ್ಡೆಯ ಮೇಲ್ಭಾಗ ಮಧ್ಯಾಹ್ನಕ್ಕೆ ಒಣಗಿರುತ್ತದೆ, ಒಳಗೆ ಹಸಿಯೇ ಇರುತ್ತದೆ. ಹಾಗಾಗಿ ಬಾಟಲಿ ಪರೀಕ್ಷೆ ಬೆಳಿಗ್ಗೆ ಒಂದು ಸಲ, ಊಟದ ಮೇಲೆ ಒಂದು ಸಲ ಮಾಡಿದರೆ ಒಳ್ಳೆಯದು.

ಮರಳು ಕೊಳ್ಳುವಾಗಲೂ ಇದು ನೆನಪಿರಲಿ. ಘನ ಅಡಿ ಲೆಕ್ಕದಲ್ಲಿ ಹಸಿ ಮರಳು ತರಿಸಿದರೆ 62ರ ಬದಲು 78 ಘನ ಅಡಿ ಹೇಳಬೇಕು. ತೂಕದ ಲೆಕ್ಕದಲ್ಲಾದರೆ ಉಬ್ಬಿನ ಚಿಂತೆಯಿಲ್ಲ, ಒಳಗಿನ ನೀರಿನ ತೂಕ ಮಾತ್ರ ಜಾಸ್ತಿ. 1.77 ಘನ ಮೀಟರ್ ಒಣ ಮರಳು 2.8 ಟನ್, ಐದು ಪಾಲು ತೇವ ಸೇರಿದರೆ 2.95 ಟನ್. ಸಾಧ್ಯವಿದ್ದರೆ ತೂಕಕ್ಕೇ ತೆಗೆದುಕೊಳ್ಳಿ. ನೆಲದಲ್ಲಿ ಬೆರೆತು ಹೋಗುವುದಕ್ಕೆ ಸ್ವಲ್ಪ ಮೇಲೆ ಸೇರಿಸಿಕೊಳ್ಳಿ.

ಮೊದಲ ಮೂಟೆಯಲ್ಲೇ ತಾಳೆ ನೋಡಿ

ಕೆಲಸ ಶುರುವಾದ ದಿನ ಮೊದಲ ಮೂಟೆಯ ಗಾರೆಯನ್ನು ಅಳತೆ ಡಬ್ಬದಲ್ಲಿ ತುಂಬಿ ಎಣಿಸಿ. ಕರಣೆಯಿಂದ ನಾಲ್ಕೈದು ಸಲ ಚುಚ್ಚಿ, ಮೂಲೆಗಳಲ್ಲಿ ಗಾಳಿ ಉಳಿಯದ ಹಾಗೆ ತುಂಬಬೇಕು. ಐದು ನಿಮಿಷದ ಕೆಲಸ.

1:6ಕ್ಕೆ ಐದೂಕಾಲಿನಿಂದ ಐದೂಮುಕ್ಕಾಲು ಡಬ್ಬ ಬಂದರೆ ಲೆಕ್ಕ ಸರಿಯಿದೆ. ನಾಲ್ಕೂವರೆ ಬಂದರೆ ಮರಳು ಉಬ್ಬಿದೆ, ಬಾಟಲಿ ಪರೀಕ್ಷೆ ಮಾಡಿ ಡಬ್ಬ ಹೆಚ್ಚಿಸಿ. ಆರೂವರೆ ಬಂದರೆ ಮರಳು ಜಾಸ್ತಿ ಬಿದ್ದಿದೆ, ಇಲ್ಲವೇ ನೀರು ಜಾಸ್ತಿ ಆಗಿದೆ. ನೀರು ಜಾಸ್ತಿಯಾದ ಗಾರೆ ಕರಣೆಯಿಂದ ಜಾರುತ್ತದೆ, ಇಟ್ಟಿಗೆ ಇಟ್ಟ ಕೂಡಲೇ ಕೆಳಕ್ಕೆ ಕೂತುಬಿಡುತ್ತದೆ. ಮರಳು ಜಾಸ್ತಿಯಾದದ್ದು ಒರಟಾಗಿ, ಹರಡದೆ ಪುಡಿಪುಡಿಯಾಗಿ ಬೀಳುತ್ತದೆ. ನೋಡಿದರೆ ಗೊತ್ತಾಗುತ್ತದೆ.

ಬಂದ ಡಬ್ಬಗಳನ್ನು 35ರಿಂದ ಗುಣಿಸಿ, 1000ವನ್ನು ಅದರಿಂದ ಭಾಗಿಸಿ. ಬರುವ ಸಂಖ್ಯೆಯೇ ನಿಮ್ಮ ಮರಳಿಗೆ, ನಿಮ್ಮ ಕೆಲಸಗಾರರ ಕೈಗೆ ಒಂದು ಘನ ಮೀಟರ್ ಗಾರೆಗೆ ಬೇಕಾದ ಮೂಟೆ. ಉಳಿದ ಗೋಡೆಗೆ ಸಿಮೆಂಟ್ ತರಿಸುವಾಗ ಕಾಗದದ 5.26 ಬಿಟ್ಟು ಈ ಸಂಖ್ಯೆಯನ್ನೇ ಹಿಡಿಯಿರಿ. ಅಳೆದ ಗಾರೆ ವ್ಯರ್ಥವಲ್ಲ, ಹಾಗೆಯೇ ಗೋಡೆಗೆ ಹೋಗಲಿ. ನೀರು ಹಾಕಿ ಎರಡು ಗಂಟೆಯೊಳಗೆ ಬಳಸಿ ಮುಗಿಸಿದರಾಯಿತು.